5ನೇ ತರಗತಿ ‘ಬಿ’ ವಿಭಾಗದ ವಾಟ್ಸಾಪ್ ಗ್ರೂಪ್: ಪೋಷಕರ ಗಮನಕ್ಕೆ

ಮಂಡ್ಯ, ಜೂನ್ 9

ಮಾನ್ಯ ಪೋಷಕರೇ,

ನಮ್ಮ ತರಗತಿಯ 38 ಮಕ್ಕಳ ಮನೆಗಳಿಗೂ ಸೇರಿ ‘5 ಬಿ ತರಗತಿ’ ಎಂಬ ವಾಟ್ಸಾಪ್ ಗ್ರೂಪ್ ಶುರುವಾಗಿದೆ. ಒಂದು ಮಗುವಿಗೆ ಎರಡು ನಂಬರ್ ಸಾಕು. ನಂಬರ್ ಬದಲಾದರೆ ಮಗುವಿನ ಡೈರಿಯಲ್ಲಿ ಬರೆದು ಸಹಿ ಮಾಡಿ ಕಳಿಸಿ, ಹಳೆಯದನ್ನು ತೆಗೆದು ಹೊಸದನ್ನು ನಾನು ಸೇರಿಸುತ್ತೇನೆ. ಫೋನಿನಲ್ಲಿ ಬಂದ ಕೋರಿಕೆಯ ಮೇಲೆ ಯಾರನ್ನೂ ಸೇರಿಸುವುದಿಲ್ಲ. ಮನೆಯಲ್ಲಿ ಸ್ಮಾರ್ಟ್‌ಫೋನ್ ಇಲ್ಲದವರು ಚಿಂತಿಸಬೇಡಿ. ಗ್ರೂಪಿನಲ್ಲಿ ಹಾಕುವುದೆಲ್ಲ ಮೊದಲು ಡೈರಿಯಲ್ಲಿ ಇರುತ್ತದೆ. ಎರಡಕ್ಕೂ ವ್ಯತ್ಯಾಸ ಕಂಡರೆ ಡೈರಿಯದೇ ಸರಿ.

ಶಾಲೆ ಇರುವ ದಿನ ಸಂಜೆ 5ರೊಳಗೆ ಮನೆಗೆಲಸ ಬರುತ್ತದೆ, ಹೀಗೆ: ‘ಗಣಿತ: ಪುಟ 27, ಲೆಕ್ಕ 1ರಿಂದ 5. ಪರಿಸರ: ಪಾಠ 3, ಚಿತ್ರ ಬರೆದು ಬಣ್ಣ ಹಚ್ಚಿ.’ ಫೋಟೊ ಬದಲು ಅಕ್ಷರದಲ್ಲೇ ಕಳಿಸುತ್ತೇನೆ. ಆಗ ‘ಗಣಿತ’ ಎಂದು ಹುಡುಕಿದರೆ ಹಳೆಯದೂ ಸಿಗುತ್ತದೆ, ಫೋನೂ ತುಂಬುವುದಿಲ್ಲ. ಓದಲು ಕಷ್ಟವಾಗುವ ಮನೆಗಳಿಗಾಗಿ ಶುಕ್ರವಾರದಂದು ಮುಂದಿನ ವಾರದ ಸೂಚನೆಗಳನ್ನು ವಾಯ್ಸ್ ಮೆಸೇಜಿನಲ್ಲೂ ಹೇಳುತ್ತೇನೆ.

ಗ್ರೂಪಿನಲ್ಲಿ ಎಲ್ಲರೂ ಬರೆಯಲು ಸಂಜೆ 6ರಿಂದ 7 ಮಾತ್ರ ಅವಕಾಶ. ಉಳಿದ ಹೊತ್ತು ಅಡ್ಮಿನ್ ಮಾತ್ರ ಬರೆಯುವಂತೆ ಸೆಟ್ಟಿಂಗ್ ಇರುತ್ತದೆ. ಆ ಒಂದು ಗಂಟೆಯಲ್ಲೂ ‘ಓಕೆ ಮಿಸ್’, ‘ಥ್ಯಾಂಕ್ಯೂ ಮಿಸ್’ ಬೇಡ. 38 ‘ಓಕೆ’ ಬಂದರೆ ಮನೆಗೆಲಸದ ಮೆಸೇಜು ಎಲ್ಲೋ ಮೇಲಕ್ಕೆ ಹೋಗಿಬಿಡುತ್ತದೆ, ರಾತ್ರಿ ಒಂಬತ್ತಕ್ಕೆ ಕೆಲಸ ಮುಗಿಸಿ ಬಂದ ಅಪ್ಪ ಪುಟದ ಸಂಖ್ಯೆ ಹುಡುಕುತ್ತಾ ಕೂರಬೇಕು. ನನ್ನ ಮೆಸೇಜಿನ Info ನೋಡಿದರೆ ಯಾರ್ಯಾರು ತೆರೆದಿದ್ದಾರೆಂದು ನನಗೆ ಗೊತ್ತಾಗುತ್ತದೆ. ಬೇರೆ ಉತ್ತರ ಬೇಕಿಲ್ಲ.

ರಜೆ, ಜ್ವರ, ಬಸ್ ತಪ್ಪಿದ್ದು, ಮಗು ಊಟ ಬಿಟ್ಟದ್ದು, ಇವೆಲ್ಲ ನನ್ನ ನಂಬರಿಗೆ ನೇರವಾಗಿ ಬರಲಿ. ಬೆಳಿಗ್ಗೆ 9ರೊಳಗೆ ಬಂದರೆ ಹಾಜರಿ ಹಾಕುವ ಮೊದಲೇ ನೋಡುತ್ತೇನೆ. ತರಗತಿ ನಡೆಯುವಾಗ ಫೋನ್ ನನ್ನ ಬಳಿ ಇರುವುದಿಲ್ಲ, ತುರ್ತಿದ್ದರೆ ಶಾಲೆಯ ಕಚೇರಿಗೆ ಕರೆ ಮಾಡಿ.

ಗ್ರೂಪಿಗೆ ಬರಬಾರದವು: ಗುಡ್ ಮಾರ್ನಿಂಗ್ ಚಿತ್ರ, ಹಬ್ಬದ ಶುಭಾಶಯ, ರಾಜಕೀಯ, ಜಾತಿ ಧರ್ಮದ ಮಾತು, ಸೈಟು ಮಾರಾಟ, ಚೀಟಿ, ಟ್ಯೂಷನ್ ಜಾಹೀರಾತು. ಬೆಲ್ಲ ಎಷ್ಟೇ ಚೆನ್ನಾಗಿದ್ದರೂ ಮಾರಾಟ ಬೇರೆ ಕಡೆ ಆಗಲಿ. ಹುಟ್ಟುಹಬ್ಬದ ಹಾರೈಕೆಯೂ ಬೇಡ. ಒಬ್ಬರಿಗೆ ಮೂವತ್ತು, ಇನ್ನೊಬ್ಬರಿಗೆ ಮೂರು ಬಂದರೆ ಮಕ್ಕಳು ಎಣಿಸುತ್ತಾರೆ.

ಅಂಕ, ಶುಲ್ಕ ಬಾಕಿ, ಮಗುವಿನ ಕಾಯಿಲೆ ಗ್ರೂಪಿನಲ್ಲಿ ಚರ್ಚೆಯಾಗುವುದಿಲ್ಲ. ಮಕ್ಕಳ ನಡುವೆ ಜಗಳವಾದರೆ ಇನ್ನೊಂದು ಮಗುವಿನ ಹೆಸರು ಬರೆಯಬೇಡಿ. ನಿಮ್ಮ ಮಗು ಹೇಳಿದ್ದು ಅರ್ಧ ಕಥೆ ಇರಬಹುದು, ಉಳಿದರ್ಧ ಇನ್ನೊಂದು ಮನೆಯಲ್ಲಿರುತ್ತದೆ. ನನಗೆ ತಿಳಿಸಿ, ಇಬ್ಬರನ್ನೂ ಕೂರಿಸಿ ಕೇಳುತ್ತೇನೆ. ಕಾರ್ಯಕ್ರಮದ ಫೋಟೊಗಳನ್ನು ನಾನು ಹಾಕಿದಾಗ ನಿಮ್ಮ ಮಗುವಿನದನ್ನು ಇಟ್ಟುಕೊಳ್ಳಿ. ಬೇರೆ ಮಕ್ಕಳಿರುವ ಫೋಟೊವನ್ನು ಸ್ಟೇಟಸ್‌ಗೂ ಫೇಸ್‌ಬುಕ್‌ಗೂ ಹಾಕಬೇಡಿ. ನಿಮ್ಮ ಮಗುವಿನ ಫೋಟೊ ಬೇಡವೆಂದರೆ ಡೈರಿಯಲ್ಲಿ ಬರೆದು ಕಳಿಸಿ, ಕಾರಣ ಕೇಳುವುದಿಲ್ಲ.

ಮಳೆ ಅಥವಾ ಬಂದ್ ಎಂದರೆ ಸಾಕು, ಜಿಲ್ಲಾಧಿಕಾರಿಗಳ ಆದೇಶದ ಫೋಟೊ ಹರಿದಾಡುತ್ತದೆ. ಎಷ್ಟೋ ಸಲ ಅದು ಹಿಂದಿನ ವರ್ಷದ್ದೋ ಬೇರೆ ಜಿಲ್ಲೆಯದ್ದೋ ಆಗಿರುತ್ತದೆ. ಮುಖ್ಯ ಶಿಕ್ಷಕರು ಖಚಿತಪಡಿಸಿದ ಮೇಲೆ ನಾನು ಹಾಕುತ್ತೇನೆ. ನಾನು ಹಾಕದಿದ್ದರೆ ಶಾಲೆ ಇದೆ.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಇದು. ಮದುವೆ ಕರೆಯೋಲೆ, ಟ್ರಾಫಿಕ್ ದಂಡ, ಬ್ಯಾಂಕ್ ಕೆವೈಸಿ ಎಂಬ ಹೆಸರಿನಲ್ಲಿ ಕೊನೆಗೆ .apk ಎಂದಿರುವ ಫೈಲ್ ಬಂದರೆ, ಪರಿಚಿತರ ನಂಬರಿನಿಂದ ಬಂದಿದ್ದರೂ ಒತ್ತಬೇಡಿ. ಅದು ಪತ್ರವಲ್ಲ, ಫೋನಿಗೆ ಇನ್‌ಸ್ಟಾಲ್ ಆಗುವ ಆ್ಯಪ್. ಒಳಹೊಕ್ಕರೆ ನಿಮಗೆ ಬರುವ ಎಸ್‌ಎಂಎಸ್, ಓಟಿಪಿ ವಂಚಕರ ಕೈಸೇರಬಹುದು. ವಾಟ್ಸಾಪಿನ 6 ಅಂಕಿಯ ಕೋಡನ್ನೂ ಯಾರಿಗೂ ಹೇಳಬೇಡಿ. ಅದು ಸಿಕ್ಕರೆ ನಿಮ್ಮ ಹೆಸರಿನಲ್ಲೇ ಈ ಗ್ರೂಪಿನಲ್ಲಿ ದುಡ್ಡು ಕೇಳುತ್ತಾರೆ. ಶುಲ್ಕಕ್ಕಾಗಿ ನಾನು ಲಿಂಕಾಗಲಿ ಕ್ಯೂಆರ್ ಕೋಡಾಗಲಿ ಗ್ರೂಪಿಗೆ ಎಂದೂ ಹಾಕುವುದಿಲ್ಲ. ತಪ್ಪಿ ಒತ್ತಿದ್ದರೆ ತಕ್ಷಣ ಡೇಟಾ, ವೈಫೈ ಆಫ್ ಮಾಡಿ, ಬೇರೆ ಫೋನಿನಿಂದ ಬ್ಯಾಂಕಿಗೆ ಹೇಳಿ. ಹಣ ಹೋಗಿದ್ದರೆ 1930ಕ್ಕೆ ಕರೆ ಮಾಡಿ. ಆಮೇಲೆ ನನಗೆ ತಿಳಿಸಿ, ನಿಮ್ಮ ನಂಬರನ್ನು ಗ್ರೂಪಿನಿಂದ ತೆಗೆದಿಡುತ್ತೇನೆ. ನಾಚಿಕೆಯಿಂದ ಸುಮ್ಮನಿದ್ದರೆ ಉಳಿದ 37 ಮನೆಗೂ ಅದು ಹೋಗುತ್ತದೆ.

ನಿಯಮ ಮೀರಿದ ಮೆಸೇಜನ್ನು ಅಳಿಸಿ, ಕಳಿಸಿದವರಿಗೆ ಒಮ್ಮೆ ಪ್ರತ್ಯೇಕವಾಗಿ ಹೇಳುತ್ತೇನೆ. ಮತ್ತೆ ಆದರೆ ಆ ನಂಬರ್ 15 ದಿನ ಗ್ರೂಪಿನಲ್ಲಿ ಇರುವುದಿಲ್ಲ. ಮಗುವಿಗೆ ಇದರಿಂದ ತೊಂದರೆಯಿಲ್ಲ, ಡೈರಿ ಇದ್ದೇ ಇದೆ.

ಈ ಪತ್ರದ ಪ್ರತಿಯನ್ನು ಡೈರಿಗೆ ಅಂಟಿಸಿದ್ದೇನೆ. ಅದರ ಕೆಳಗೆ ಸಹಿ ಮಾಡಿ ಶುಕ್ರವಾರದೊಳಗೆ ಕಳಿಸಿಕೊಡಿ.

ತರಗತಿ ಶಿಕ್ಷಕಿ
5ನೇ ತರಗತಿ, ‘ಬಿ’ ವಿಭಾಗ