ನಾಲ್ಕು ಅಡಿಕೆ ತೋಟದ ಸೋಗೆ ಫೋಟೊ: ನೋಡಿದ್ದು, ಲ್ಯಾಬಿಗೆ ಕಳಿಸಬೇಕಾದ್ದು

ಭಾವ,

ನೀವು ಕಳಿಸಿದ 17 ಫೋಟೊಗಳನ್ನೂ ದೊಡ್ಡದು ಮಾಡಿ ನೋಡಿದೆ. ಮೇಲ್ನೋಟಕ್ಕೆ ಹೆಚ್ಚು ಹಾಳಾಗಿರುವುದು ಗುಡ್ಡೆತೋಟ, ಆಮೇಲೆ ಕೆಳತೋಟ, ಹೊಳೆಬದಿ, ಕೊನೆಗೆ ಹೊಸ ಸಸಿತೋಟ. ಆದರೆ ನನಗೆ ಚಿಂತೆ ಹತ್ತಿರುವುದು ಎರಡನೆಯದರದ್ದು.

ಗುಡ್ಡೆತೋಟದ ಆರೂ ಫೋಟೊಗಳಲ್ಲಿ ಕೆಳಗಿನ ಸೋಗೆಗಳ ಮೇಲೆ ಕಂದು ಚುಕ್ಕಿ, ಸುತ್ತ ಹಳದಿ ಉಂಗುರ. ಮೂರನೆಯದರಲ್ಲಿ ಚುಕ್ಕಿಗಳು ಕೂಡಿಕೊಂಡು ಅರ್ಧ ಗರಿ ಸುಟ್ಟಂತಿದೆ. ಎಲೆಚುಕ್ಕಿ ರೋಗವೇ ಎಂದುಕೊಂಡಿದ್ದೇನೆ. ಕೊಲೆಟೋಟ್ರೈಕಮ್ಮೋ ಫಿಲ್ಲೋಸ್ಟಿಕ್ಟಾವೋ ಎಂಬುದು ಲ್ಯಾಬಿನಲ್ಲಿ ಶಿಲೀಂಧ್ರ ಬೆಳೆಸಿ ನೋಡಿದರೇ ಗೊತ್ತಾಗುವುದು. ಅಲ್ಲಿಯವರೆಗೆ ಕೈಕಟ್ಟಿ ಕೂರಬೇಡಿ. ಗಾಳಿ-ಮಳೆಗೆ ಇದು ಹಬ್ಬುತ್ತದೆ. ಪೂರ್ತಿ ಹಾಳಾದ ಸೋಗೆ ಕೊಯ್ಸಿ ತೋಟದ ಹೊರಗೆ ಸುಡಿಸಿ.

ಕೆಳತೋಟದ 7ರಿಂದ 11ರವರೆಗಿನ ಫೋಟೊಗಳಲ್ಲಿ ಚುಕ್ಕಿ ಇಲ್ಲ. ಗರಿಯ ತುದಿಯಿಂದ ಹಳದಿ ಇಳಿದಿದೆ, ನಡುನರದ ಪಕ್ಕ ಮಾತ್ರ ಹಸಿರು, ಎರಡರ ನಡುವೆ ಗೆರೆ ಎಳೆದ ಹಾಗೆ. ಹಳದಿ ಎಲೆ ರೋಗ ಹೀಗೇ ಕಾಣುತ್ತದೆ. ಮೆಗ್ನೀಶಿಯಂ ಕೊರತೆಯಲ್ಲೂ ನಡುನರದ ಪಕ್ಕ ಹಸಿರು ಉಳಿಯುತ್ತದೆ. ಒಂಬತ್ತನೇ ಫೋಟೊದ ಮೂಲೆಯಲ್ಲಿ ಬಸಿಗಾಲುವೆಯಲ್ಲಿ ನಿಂತ ನೀರು ಹೊಳೆಯುತ್ತಿದೆ. ಬೇರು ಉಸಿರುಗಟ್ಟಿ ಮರ ಹಳದಿಯಾಗಿರಲೂಬಹುದು. ಮೊದಲು ನೀರು ಬಸಿಯುವಂತೆ ಮಾಡಿ. ಉದುರಿದ ನಾಲ್ಕಾರು ಕಾಯಿ ಒಡೆದು ತಿರುಳು ಕಪ್ಪಾಗಿದೆಯಾ ನೋಡಿ, ಅದರ ಫೋಟೊವನ್ನೂ ಕಳಿಸಿ. ಹಳದಿ ಎಲೆ ರೋಗಕ್ಕೆ ಮದ್ದಿಲ್ಲ ನಿಜ, ಹಾಗೆಂದು ಊಹೆಯ ಮೇಲೆ ಒಂದು ಮರವನ್ನೂ ಕಡಿಸಬೇಡಿ. ಆ ರೋಗ ತರುವ ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಾಣು ಇದೆಯೇ ಎಂಬುದಕ್ಕೆ ಪಿಸಿಆರ್ ಪರೀಕ್ಷೆಯೇ ಆಗಬೇಕು. ಅದು ಮರದಲ್ಲಿ ಎಲ್ಲ ಕಡೆ ಒಂದೇ ಪ್ರಮಾಣದಲ್ಲಿ ಇರುವುದಿಲ್ಲ. ಒಂದು ಮರದಲ್ಲಿ ಸಿಗಲಿಲ್ಲ ಎಂದು ನಿಶ್ಚಿಂತರಾಗುವ ಹಾಗಿಲ್ಲ. ಹಳದಿಯಾದ ಐದು ಮರ, ಅದೇ ತೋಟದ ಚೆನ್ನಾಗಿರುವ ಎರಡು ಮರ, ಏಳರಿಂದಲೂ ಮಾದರಿ ಬೇಕು. ಜೊತೆಗೆ ಮಣ್ಣಿನ ಮತ್ತು ಎಲೆಯ ಪೋಷಕಾಂಶ ಪರೀಕ್ಷೆ.

ಹೊಳೆಬದಿಯದ್ದು ಪೊಟ್ಯಾಶ್ ಕೊರತೆ ಇದ್ದಂತಿದೆ: ಹಳೇ ಸೋಗೆಯ ಅಂಚು ಒಣಗಿದೆ, ಕಿತ್ತಳೆ ಬಣ್ಣ ತಿರುಗಿದೆ. ಆದರೆ ಸಂಜೆ ಬಿಸಿಲಲ್ಲಿ ತೆಗೆದಿದ್ದೀರಿ. 13ರಲ್ಲಿ ಹಿಂದೆ ನಿಂತವರ ಬಿಳಿ ಪಂಚೆಯೇ ಹಳದಿಯಾಗಿ ಕಾಣುತ್ತಿದೆ. ಈ ತೋಟದ ಮೂರನೇ ಸ್ಥಾನ ಸದ್ಯಕ್ಕಷ್ಟೆ. ಬೆಳಿಗ್ಗೆ ನೆರಳಲ್ಲಿ, ಗರಿಯ ಪಕ್ಕ ಬಿಳಿ ಕಾಗದ ಹಿಡಿದು, ಮೇಲ್ಮೈ ಮತ್ತು ಅಡಿಭಾಗ ಎರಡನ್ನೂ ಮತ್ತೆ ತೆಗೆಯಿರಿ.

ಸಸಿತೋಟದಲ್ಲಿ ಒಂದೇ ಸಸಿಯ ಗರಿಯ ಮೇಲೆ ಕಂದು ಗೀರುಗಳಿವೆ. ಸುಳಿ ತಿಗಣೆ ಇರಬಹುದು. ಸುಳಿಯ ಬುಡ ಬಿಡಿಸಿ ನೋಡಿದರೆ ಸಾಕು, ಲ್ಯಾಬಿನ ಅಗತ್ಯವಿಲ್ಲ.

ಚುಕ್ಕಿ ಬಿದ್ದ ಗರಿಗಳನ್ನು ಒರೆಸಿ ಕಾಗದದ ಲಕೋಟೆಯಲ್ಲಿ ಹಾಕಿ, ಪ್ಲಾಸ್ಟಿಕ್‌ನಲ್ಲಿ ಬೆವರಿ ಕೊಳೆಯುತ್ತವೆ. ಲಕೋಟೆಯ ಮೇಲೆ ತೋಟ, ಮರದ ನಂಬರು, ತಾರೀಕು ಬರೆಯಿರಿ. ಪಿಸಿಆರ್ ಮಾದರಿ ಮಾತ್ರ ನೀವು ತೆಗೆಯಬೇಡಿ, ಆದಿತ್ಯವಾರ ಬೆಳಿಗ್ಗೆ ಐಸ್ ಪೆಟ್ಟಿಗೆ ತಗೊಂಡು ನಾನೇ ಬರುತ್ತೇನೆ. ದೋಟಿ ಹಿಡಿಯುವವರಿಗೆ ಹೇಳಿಡಿ.