ಹಾಜರಾತಿ ಕೊರತೆ ಮನ್ನಾ ಕೋರಿ ಪ್ರಾಂಶುಪಾಲರಿಗೆ ಮನವಿ

ದಿನಾಂಕ: 25-11-2025

ಇವರಿಂದ:
ಚೈತ್ರಾ ಎಂ. ಆರ್.
ಬಿ.ಎಸ್ಸಿ. ಮೂರನೇ ಸೆಮಿಸ್ಟರ್ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ)
ತರಗತಿ ಕ್ರಮಸಂಖ್ಯೆ: 47

ಇವರಿಗೆ:
ಪ್ರಾಂಶುಪಾಲರು
ಸರ್ಕಾರಿ ಪ್ರಥಮ ದರ್ಜೆ ಕಾಲೇಜು

ಮೂಲಕ: ರಸಾಯನಶಾಸ್ತ್ರ ವಿಭಾಗದ ಮುಖ್ಯಸ್ಥರು

ಮಾನ್ಯರೆ,

ವಿಷಯ: ಎನ್‌ಎಸ್‌ಎಸ್ ಶಿಬಿರದ ದಿನಗಳ ಹಾಜರಾತಿ ಸೇರಿಸುವ ಹಾಗೂ ಅನಾರೋಗ್ಯದಿಂದಾದ ಹಾಜರಾತಿ ಕೊರತೆಯನ್ನು ಮನ್ನಾ ಮಾಡುವ ಕುರಿತು.

ಉಲ್ಲೇಖ: ದಿನಾಂಕ 24-11-2025ರಂದು ಸೂಚನಾ ಫಲಕದಲ್ಲಿ ಪ್ರಕಟವಾದ ಹಾಜರಾತಿ ಕೊರತೆ ಪಟ್ಟಿ.

ಉಲ್ಲೇಖಿತ ಪಟ್ಟಿಯಲ್ಲಿ ನನ್ನ ಹೆಸರು ನಾಲ್ಕು ವಿಷಯಗಳಲ್ಲಿ ಬಂದಿದೆ. ಪ್ರತಿ ವಿಷಯದಲ್ಲೂ ಶೇ. 75 ಹಾಜರಾತಿ ಇಲ್ಲದಿದ್ದರೆ ಪರೀಕ್ಷಾ ಅರ್ಜಿಯನ್ನು ಕಾಲೇಜಿನಿಂದ ಅನುಮೋದಿಸಲಾಗುವುದಿಲ್ಲ ಎಂದು ಅದೇ ಪ್ರಕಟಣೆಯಲ್ಲಿ ತಿಳಿಸಲಾಗಿದೆ. ನನ್ನ ಗೈರುಹಾಜರಿಗೆ ಎರಡು ಬೇರೆ ಬೇರೆ ಕಾರಣಗಳಿವೆ, ಅವೆರಡಕ್ಕೂ ಪರಿಹಾರ ಒಂದೇ ಅಲ್ಲ. ಆದ್ದರಿಂದ ಎರಡನ್ನೂ ಪ್ರತ್ಯೇಕವಾಗಿ ತಮ್ಮ ಗಮನಕ್ಕೆ ತರುತ್ತಿದ್ದೇನೆ.

1. ಎನ್‌ಎಸ್‌ಎಸ್ ವಾರ್ಷಿಕ ವಿಶೇಷ ಶಿಬಿರ (10-11-2025ರಿಂದ 16-11-2025)

ನಮ್ಮ ಕಾಲೇಜಿನ ಎನ್‌ಎಸ್‌ಎಸ್ ಘಟಕವು ದತ್ತು ಗ್ರಾಮದಲ್ಲಿ ನಡೆಸಿದ ಏಳು ದಿನಗಳ ಶಿಬಿರಕ್ಕೆ ತಮ್ಮ ಅನುಮತಿಯ ಮೇರೆಗೆ ಹೋಗಿದ್ದೆ. ಭಾನುವಾರ ಬಿಟ್ಟರೆ ಆರು ಕೆಲಸದ ದಿನಗಳು. ಶಿಬಿರಾರ್ಥಿಗಳ ಪಟ್ಟಿ ವಿಭಾಗಗಳಿಗೆ ತಲುಪಿದ್ದು ಶಿಬಿರ ಮುಗಿದ ಮೇಲೆ, 19ನೇ ತಾರೀಖು. ಅಷ್ಟರಲ್ಲಿ ಹಾಜರಿ ಪುಸ್ತಕಗಳಲ್ಲಿ ಆ ದಿನಗಳಿಗೆ ‘ಗೈರು’ ಎಂದು ನಮೂದಾಗಿತ್ತು, ಕೊರತೆ ಪಟ್ಟಿ ತಯಾರಾಗಿದ್ದೂ ಅದೇ ನಮೂದಿನ ಮೇಲೆ. ಇದು ಕಾಲೇಜಿನ ಕೆಲಸಕ್ಕೆ ಹೋದ ಅವಧಿಯಾದ್ದರಿಂದ ಮನ್ನಾ ಕೇಳುತ್ತಿಲ್ಲ, ಓ.ಡಿ. ಎಂದು ತಿದ್ದಿಸಿಕೊಡುವಂತೆ ಮಾತ್ರ ಕೋರುತ್ತೇನೆ.

2. ಡೆಂಗಿ ಜ್ವರ (18-08-2025ರಿಂದ 07-09-2025)

ಆಗಸ್ಟ್ 18ರ ಸೋಮವಾರ ಜ್ವರ ಬಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿದೆ. ಜ್ವರ ಇಳಿಯದ್ದರಿಂದ 20ರಂದು ರಕ್ತಪರೀಕ್ಷೆ ಮಾಡಿದಾಗ ಎನ್‌ಎಸ್-1 ಪಾಸಿಟಿವ್ ಬಂತು, ಪ್ಲೇಟ್‌ಲೆಟ್ 62,000 ಇತ್ತು. ಅಂದೇ ತಾಲ್ಲೂಕು ಆಸ್ಪತ್ರೆಗೆ ದಾಖಲಿಸಿದರು. 22ಕ್ಕೆ ಎಣಿಕೆ 34,000ಕ್ಕೆ ಇಳಿದು ನಂತರ ಏರತೊಡಗಿ, 25ರಂದು 1,04,000 ತಲುಪಿದ ಮೇಲೆ ಬಿಡುಗಡೆ ಮಾಡಿದರು. ನಿಶ್ಶಕ್ತಿ ಇದ್ದುದರಿಂದ ಅಂದಿನಿಂದ ಎರಡು ವಾರ ವಿಶ್ರಾಂತಿ ಪಡೆಯುವಂತೆ ವೈದ್ಯರು ಬರೆದುಕೊಟ್ಟರು. ಸೆಪ್ಟೆಂಬರ್ 8ರಂದು ಫಿಟ್‌ನೆಸ್ ಪ್ರಮಾಣಪತ್ರದೊಂದಿಗೆ ತರಗತಿಗೆ ಮರಳಿದ್ದೇನೆ. ಆಸ್ಪತ್ರೆಯಲ್ಲಿದ್ದಾಗಲೇ, ಆಗಸ್ಟ್ 21ರಂದು, ನನ್ನ ತಂದೆ ಸಹಿ ಮಾಡಿದ ರಜಾ ಅರ್ಜಿಯನ್ನು ಸಹಪಾಠಿಯ ಕೈಯಲ್ಲಿ ತರಗತಿ ಅಧ್ಯಾಪಕರಿಗೆ ತಲುಪಿಸಲಾಗಿತ್ತು. ಅವರ ಸ್ವೀಕೃತಿ ಸಹಿಯಿರುವ ಪ್ರತಿ ಲಗತ್ತಿಸಿದೆ.

ಗಣೇಶ ಚತುರ್ಥಿ, ಈದ್ ಮಿಲಾದ್ ಮತ್ತು ಭಾನುವಾರಗಳನ್ನು ಕಳೆದರೆ ಈ ಅವಧಿಯಲ್ಲಿ 16 ಕೆಲಸದ ದಿನಗಳಿವೆ. ರಜೆಗಳು ಬಿದ್ದದ್ದು ಬುಧವಾರ ಮತ್ತು ಶುಕ್ರವಾರ. ರಸಾಯನಶಾಸ್ತ್ರದ ತರಗತಿಗಳು ಸೋಮ, ಮಂಗಳ, ಗುರು, ಶನಿವಾರಗಳಂದು ಇರುವುದರಿಂದ ಆ ವಿಷಯದಲ್ಲಿ ಮೂರು ವಾರದ ಹನ್ನೆರಡೂ ತರಗತಿಗಳು ತಪ್ಪಿವೆ. ಉಳಿದ ವಿಷಯಗಳಿಗಿಂತ ಇದರಲ್ಲಿ ಕೊರತೆ ಹೆಚ್ಚಾಗಲು ಇದೂ ಒಂದು ಕಾರಣ.

22-11-2025ರವರೆಗಿನ ಲೆಕ್ಕ

| ವಿಷಯ | ನಡೆದ ತರಗತಿ | ಹಾಜರು | ಶೇಕಡಾ | ಅನಾರೋಗ್ಯ | ಶಿಬಿರ | ಇತರೆ | ಓ.ಡಿ. ಸೇರಿಸಿದ ಮೇಲೆ |
|---|---|---|---|---|---|---|---|
| ಭೌತಶಾಸ್ತ್ರ | 52 | 37 | 71.15 | 10 | 4 | 1 | 41 (78.85) |
| ಗಣಿತ | 54 | 38 | 70.37 | 11 | 4 | 1 | 42 (77.78) |
| ರಸಾಯನಶಾಸ್ತ್ರ | 50 | 32 | 64.00 | 12 | 4 | 2 | 36 (72.00) |
| ರಸಾಯನಶಾಸ್ತ್ರ ಲ್ಯಾಬ್ | 14 | 9 | 64.29 | 3 | 1 | 1 | 10 (71.43) |

‘ಇತರೆ’ ಎಂದಿರುವುದು ಅಕ್ಟೋಬರ್ 14 ಮತ್ತು 30. ಮನೆಯ ಕಾರ್ಯಕ್ರಮಕ್ಕೆಂದು ಬಂದಿರಲಿಲ್ಲ, ದಾಖಲೆಯೂ ಇಲ್ಲ. ಆ ಎರಡು ದಿನಗಳಿಗೆ ಯಾವ ವಿನಾಯಿತಿಯನ್ನೂ ಕೇಳುತ್ತಿಲ್ಲ.

ಓ.ಡಿ. ಸೇರಿದರೆ ಭೌತಶಾಸ್ತ್ರ ಮತ್ತು ಗಣಿತದಲ್ಲಿ ಕೊರತೆಯೇ ಉಳಿಯುವುದಿಲ್ಲ. ಮನ್ನಾ ಬೇಕಾಗುವುದು ರಸಾಯನಶಾಸ್ತ್ರದ ಥಿಯರಿ ಮತ್ತು ಲ್ಯಾಬ್‌ಗೆ ಮಾತ್ರ. ಈ ವಾರ ಉಳಿದ ಎಲ್ಲ ತರಗತಿಗಳಿಗೂ ತಪ್ಪದೆ ಬರುತ್ತೇನೆ. ಹಾಗೆ ಬಂದರೂ ಸೆಮಿಸ್ಟರ್ ಮುಗಿಯುವ 29ರ ಹೊತ್ತಿಗೆ ಥಿಯರಿಯಲ್ಲಿ 54ಕ್ಕೆ 40 (ಶೇ. 74.07), ಲ್ಯಾಬ್‌ನಲ್ಲಿ 15ಕ್ಕೆ 11 (ಶೇ. 73.33) ಆಗುತ್ತದೆ. ಅಂದರೆ ಎರಡರಲ್ಲೂ ತಲಾ ಒಂದೇ ಒಂದು ತರಗತಿಯ ಕೊರತೆ ನಿಲ್ಲುತ್ತದೆ. ಅದನ್ನು ಹಾಜರಾಗಿ ತುಂಬಿಕೊಳ್ಳಲು ಇನ್ನು ದಿನಗಳಿಲ್ಲ.

ಲ್ಯಾಬ್ ಬಗ್ಗೆ ಇನ್ನೊಂದು ಮಾತು. ಅನಾರೋಗ್ಯದಲ್ಲಿ ತಪ್ಪಿದ ಮೂರು ಪ್ರಯೋಗಗಳನ್ನು ವಿಭಾಗದ ಅನುಮತಿ ಪಡೆದು, ಸೆಪ್ಟೆಂಬರ್‌ನಲ್ಲಿ ಬೇರೆ ಬ್ಯಾಚ್‌ನೊಂದಿಗೆ ಮಾಡಿ ಮುಗಿಸಿದ್ದೇನೆ. ಪರ್ಮಾಂಗನೇಟ್ ದ್ರಾವಣದಿಂದ ಫೆರಸ್ ಅಮೋನಿಯಂ ಸಲ್ಫೇಟ್ ಅಂದಾಜು ಮಾಡುವ ಪ್ರಯೋಗದಲ್ಲಿ ಮೊದಲ ಸಲ ಬ್ಯುರೆಟ್ ರೀಡಿಂಗ್‌ಗಳು ಹೊಂದದೆ ಮತ್ತೊಮ್ಮೆ ಮಾಡಿದ್ದೂ ರೆಕಾರ್ಡ್‌ನಲ್ಲಿದೆ. ಮೂರಕ್ಕೂ ಅಧ್ಯಾಪಕರ ಸಹಿ ಆಗಿದೆ. ಆದರೆ ಸ್ವಂತ ಬ್ಯಾಚ್‌ನ ದಿನವಲ್ಲದ ಕಾರಣ ಅದು ಹಾಜರಾತಿಗೆ ಸೇರಿಲ್ಲ. ಕಲಿಕೆ ತಪ್ಪಿಲ್ಲ ಎಂಬುದನ್ನು ತಾವು ಪರಿಗಣಿಸಬೇಕೆಂದು ವಿನಂತಿ.

ವೈದ್ಯಕೀಯ ದಾಖಲೆಗಳಲ್ಲಿ ಒಂದು ವ್ಯತ್ಯಾಸವಿದೆ. ಆರೋಗ್ಯ ಕೇಂದ್ರದ ಓ.ಪಿ. ಚೀಟಿಯಲ್ಲಿ ಇನಿಷಿಯಲ್ ಇಲ್ಲದೆ ‘ಚೈತ್ರ, 19 ವರ್ಷ’ ಎಂದಷ್ಟೇ ಬರೆದಿದ್ದಾರೆ. ಆಸ್ಪತ್ರೆಯ ಡಿಸ್ಚಾರ್ಜ್ ಸಾರಾಂಶದಲ್ಲಿ ತಂದೆಯ ಹೆಸರು, ವಿಳಾಸ ಎರಡೂ ಇದ್ದು ಕಾಲೇಜಿನ ದಾಖಲೆಗೆ ಹೊಂದುತ್ತವೆ. ಎರಡೂ ನನ್ನವೇ ಎಂದು ತಾಳೆ ನೋಡಲು ಆಧಾರ್ ಪ್ರತಿ ಇಟ್ಟಿದ್ದೇನೆ. ಮೂಲ ದಾಖಲೆಗಳನ್ನು ಕಚೇರಿ ಹೇಳಿದ ದಿನ ಹಾಜರುಪಡಿಸುತ್ತೇನೆ.

ಆದ್ದರಿಂದ ತಾವು ದಯಮಾಡಿ,

(ಅ) 10ರಿಂದ 15-11-2025ರವರೆಗಿನ ತರಗತಿಗಳಿಗೆ ಓ.ಡಿ. ನಮೂದಿಸುವಂತೆ ಸಂಬಂಧಿಸಿದ ವಿಭಾಗಗಳಿಗೆ ಸೂಚಿಸಬೇಕೆಂದೂ,

(ಆ) ರಸಾಯನಶಾಸ್ತ್ರದ ಥಿಯರಿ ಮತ್ತು ಲ್ಯಾಬ್‌ನಲ್ಲಿ ಉಳಿಯುವ ಕೊರತೆಯನ್ನು ವೈದ್ಯಕೀಯ ಕಾರಣದ ಮೇಲೆ ಮನ್ನಾ ಮಾಡಬೇಕೆಂದೂ, ವಿಶ್ವವಿದ್ಯಾಲಯದ ಅನುಮೋದನೆ ಅಗತ್ಯವಿದ್ದಲ್ಲಿ ತಮ್ಮ ಶಿಫಾರಸಿನೊಂದಿಗೆ ಕಳುಹಿಸಿಕೊಡಬೇಕೆಂದೂ,

(ಇ) ಯುಯುಸಿಎಂಎಸ್‌ನಲ್ಲಿ ಪರೀಕ್ಷಾ ಅರ್ಜಿ ಸಲ್ಲಿಸಲು ಕಾಲೇಜು ನಿಗದಿ ಮಾಡಿರುವ ಕೊನೆಯ ದಿನ 29-11-2025 ಆಗಿರುವುದರಿಂದ, ಅದಕ್ಕೆ ಮೊದಲೇ ಆದೇಶ ನೀಡಬೇಕೆಂದೂ ಕೋರುತ್ತೇನೆ.

ವಂದನೆಗಳೊಂದಿಗೆ,

ತಮ್ಮ ವಿಧೇಯ ವಿದ್ಯಾರ್ಥಿನಿ,
(ಸಹಿ)
ಚೈತ್ರಾ ಎಂ. ಆರ್.

ಪೋಷಕರ ದೃಢೀಕರಣ: ಮೇಲೆ ತಿಳಿಸಿದ ಅನಾರೋಗ್ಯದ ವಿವರಗಳು ಮತ್ತು ಲಗತ್ತಿಸಿದ ವೈದ್ಯಕೀಯ ದಾಖಲೆಗಳು ಸತ್ಯವಾಗಿವೆ. ಅಗತ್ಯವಿದ್ದಲ್ಲಿ ಖುದ್ದಾಗಿ ಬಂದು ಹೇಳಿಕೆ ನೀಡಲು ಸಿದ್ಧನಿದ್ದೇನೆ.
(ಸಹಿ) ತಂದೆ

ಲಗತ್ತುಗಳು (ಸ್ವಯಂ ದೃಢೀಕರಿಸಿದ ಪ್ರತಿಗಳು):

1. ಪ್ರಾಥಮಿಕ ಆರೋಗ್ಯ ಕೇಂದ್ರದ ಓ.ಪಿ. ಚೀಟಿ, 18-08-2025 (ಆಗಸ್ಟ್ 18, 19ಕ್ಕೆ)
2. ರಕ್ತಪರೀಕ್ಷೆ ವರದಿಗಳು, ಆಗಸ್ಟ್ 20, 22 ಮತ್ತು 25
3. ತಾಲ್ಲೂಕು ಆಸ್ಪತ್ರೆಯ ಡಿಸ್ಚಾರ್ಜ್ ಸಾರಾಂಶ (ಆಗಸ್ಟ್ 20ರಿಂದ 25)
4. ವಿಶ್ರಾಂತಿ ಸೂಚಿಸಿದ ವೈದ್ಯಕೀಯ ಪ್ರಮಾಣಪತ್ರ (ಸೆಪ್ಟೆಂಬರ್ 7ರವರೆಗೆ), ವೈದ್ಯರ ನೋಂದಣಿ ಸಂಖ್ಯೆ ಮತ್ತು ಮೊಹರು ಸಹಿತ
5. ಫಿಟ್‌ನೆಸ್ ಪ್ರಮಾಣಪತ್ರ, 06-09-2025
6. ಸ್ವೀಕೃತಿ ಸಹಿಯಿರುವ ರಜಾ ಅರ್ಜಿ, 21-08-2025
7. ಶಿಬಿರದ ಪ್ರಮಾಣಪತ್ರ ಮತ್ತು ಎನ್‌ಎಸ್‌ಎಸ್ ಕಾರ್ಯಕ್ರಮಾಧಿಕಾರಿಗಳ ಓ.ಡಿ. ಪತ್ರ
8. ಲ್ಯಾಬ್ ರೆಕಾರ್ಡ್‌ನ ಸಂಬಂಧಿತ ಪುಟಗಳು
9. ಕಾಲೇಜು ಗುರುತಿನ ಚೀಟಿ ಮತ್ತು ಆಧಾರ್