ತಂಗಿಯ ಮೊದಲ ದೀಪಾವಳಿ: ಮನೆಯ ಖರ್ಚಿನ ಲೆಕ್ಕ

ನವನಗರ, ಬಾಗಲಕೋಟೆ

ಪ್ರೀತಿಯ ಮೈದುನನಿಗೆ ವೈನಿಯ ಆಶೀರ್ವಾದಗಳು.

ಬೆಳಗಾವಿಯಿಂದ ನೀನು ಫೋನಿನಲ್ಲಿ ಹೇಳಿದ ಮಾತು ಎರಡು ದಿನದಿಂದ ತಲೆಯಲ್ಲಿ ಸುತ್ತುತ್ತಿದೆ. ತಂಗಿಯ ಮೊದಲ ದೀಪಾವಳಿ, ವಿಜಯಪುರದಿಂದ ಬೀಗರೂ ಬರುತ್ತಾರೆ, ಅಳಿಯಂದಿರಿಗೆ ಉಂಗುರ ಹಾಕಲೇಬೇಕು, ಕಡಿಮೆ ಬಿದ್ದರೆ ಅಂಚೆ ಕಚೇರಿಯ ದುಡ್ಡು ತೆಗೆಯೋಣ ಎಂದೆ. ನಿನ್ನ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ಆ ದುಡ್ಡು ಆಗಲೇ ಬೇರೆ ಕೆಲಸಕ್ಕೆ ಮೀಸಲಾಗಿದೆ. ಆರ್‌.ಡಿ. ಮುಗಿದು ಬಂದ 68,000 ರೂಪಾಯಿಯಲ್ಲಿ 40,000 ಅತ್ತೆಯವರ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ, ಉಳಿದ 28,000 ಮಗಳ ಜನವರಿಯ ಕಾಲೇಜು ಶುಲ್ಕಕ್ಕೆ. ಅತ್ತೆಯವರು ಈಗ ದೇವರ ಮುಂದಿನ ಬತ್ತಿಯನ್ನು ಕೈಯಿಂದ ಮುಟ್ಟಿ ನೋಡಿ ಹಚ್ಚುತ್ತಾರೆ. ಹಬ್ಬಕ್ಕೆಂದು ಆ ಹಣವನ್ನು ಮುಟ್ಟಲು ನನ್ನ ಮನಸ್ಸು ಒಪ್ಪುವುದಿಲ್ಲ.

ಹಬ್ಬಕ್ಕೆ ನಮ್ಮಲ್ಲಿರುವುದು ನಿನ್ನ ಅಣ್ಣನವರ ಬೋನಸ್ 14,000, ನೀನು ಕಳಿಸುವ 10,000, ನನ್ನ ಹೊಲಿಗೆಯ 6,000. ಒಟ್ಟು 30,000. ಇಷ್ಟರಲ್ಲೇ ಎಲ್ಲವೂ ಚೆನ್ನಾಗಿ ಆಗುತ್ತದೆ.

ಮೊದಲು ಹೋದ ವರ್ಷದ ವಹಿ ತೆಗೆದು ನೋಡಿದೆ. 22,000 ಎಂದುಕೊಂಡಿದ್ದೆವು, ಆಗಿದ್ದು 30,900. ಸೀರೆ, ಅಂಗಿಗಳಲ್ಲಿ ಅಷ್ಟಷ್ಟು ಹೆಚ್ಚಾಗಿ ಕೈಬಿಟ್ಟು ಹೋದದ್ದು 3,200. ಉಳಿದ 5,700 ಪೂರ್ತಿ ಹಬ್ಬದ ಹಿಂದಿನ ಮೂರು ಸಂಜೆಗಳಲ್ಲಿ ಹೋಗಿದೆ. ಧನತ್ರಯೋದಶಿಯ ದಿನ ಪೇಟೆಯಲ್ಲಿ ಕಂಡ ಪಾತ್ರೆ 1,850, ಮಕ್ಕಳು ಹಟ ಮಾಡಿದ ಎರಡನೆಯ ಪಟಾಕಿ ಪೆಟ್ಟಿಗೆ 1,600, ದೀಪದ ಸರ 950, ಮನೆಯ ತಿಂಡಿ ಮುಗಿದುಹೋಗಿ ಅಂಗಡಿಯಿಂದ ತಂದ ಸಿಹಿ 1,300. ಈ ನಾಲ್ಕೂ ನಮ್ಮ ಚೀಟಿಯಲ್ಲಿ ಇರಲೇ ಇಲ್ಲ. ಆದ್ದರಿಂದ ಈ ಸಲ ಖರೀದಿಯೆಲ್ಲ ಹಬ್ಬಕ್ಕೆ ಒಂದು ವಾರ ಮೊದಲೇ ಮುಗಿಯಬೇಕು. ನೀರು ತುಂಬುವ ದಿನದಿಂದ ಪೇಟೆಗೆ ಹೋಗುವುದು ಹೂವು, ಹಣ್ಣು, ತರಕಾರಿಗೆ ಮಾತ್ರ. ಉದ್ರಿ ಯಾವ ಅಂಗಡಿಯಲ್ಲೂ ಬೇಡ.

ಬೀಗರ ಮತ್ತು ತಂಗಿಯ ಉಡುಗೊರೆ ಎಲ್ಲಕ್ಕಿಂತ ಮುಂದೆ. ತಂಗಿಗೆ ಇಳಕಲ್ ಸೀರೆ 3,800. ಅಳಿಯಂದಿರಿಗೆ ಪ್ಯಾಂಟು, ಅಂಗಿಯ ಬಟ್ಟೆ ಹೊಲಿಗೆಯೂ ಸೇರಿ 3,200. ಅವರ ತಾಯಿಗೆ ಹತ್ತಿಯ ಇಳಕಲ್ ಸೀರೆ 1,100, ತಂದೆಗೆ ಧೋತರ 700. ತಂಗಿಗೂ ಅವಳ ಅತ್ತೆಗೂ ಒಂದೊಂದು ಗುಳೇದಗುಡ್ಡದ ಖಣ, ಎರಡಕ್ಕೆ 600. ಆರತಿ ತಟ್ಟೆಗೆ ಅಣ್ಣಂದಿರು ಇಬ್ಬರೂ ಐದೈದು ನೂರು ಹಾಕಿರಿ. ಎಲ್ಲ ಸೇರಿ 10,400.

ಸೀರೆಗೆ ನಾನೂ ಅತ್ತೆಯವರೂ ಇಳಕಲ್ಲಿಗೇ ಹೋಗುತ್ತೇವೆ. ಶಕ್ತಿ ಯೋಜನೆಯಿಂದಾಗಿ ಸರ್ಕಾರಿ ಬಸ್ಸಿನಲ್ಲಿ ಇಬ್ಬರಿಗೂ ದುಡ್ಡಿನ ಟಿಕೆಟ್ ಬೇಕಿಲ್ಲ. ಅಂಗಡಿಯ ಬೆಳಕಿನಲ್ಲಿ ಎಲ್ಲ ಸೀರೆಯೂ ಮಿನುಗುತ್ತದೆ. ಕೈಮಗ್ಗದ್ದನ್ನು ಹಗಲಿನ ಬೆಳಕಿಗೆ ಹಿಡಿದು, ಒಡಲಿಗೆ ಸೆರಗು ಕೂಡುವ ಜಾಗವನ್ನು ಬೆರಳಿನಿಂದ ಸವರಬೇಕು. ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಒಂದೊಂದಾಗಿ ಕೊಂಡಿ ಹಾಕಿದ ಸಾಲು ಅಲ್ಲಿ ಬೆರಳಿಗೆ ಸಿಗುತ್ತದೆ. ಕಣ್ಣು ಮಂಜಾದರೂ ಅತ್ತೆಯವರ ಬೆರಳು ಅದನ್ನು ತಪ್ಪುವುದಿಲ್ಲ. ಕೆಂಪು ಸೆರಗು, ಬಿಳಿ ತೋಪತೆನಿ ಇರುವ ಅಂಥ ಸೀರೆಯನ್ನು ತಂಗಿ ಹತ್ತು ವರ್ಷ ಉಡುತ್ತಾಳೆ. ಬರುವಾಗ ಅದೇ ದಾರಿಯಲ್ಲಿ ಅಮೀನಗಡದಲ್ಲಿ ಇಳಿದು ಎರಡು ಕಿಲೋ ಕರದಂಟು ತರುತ್ತೇವೆ.

ನಮ್ಮ ಮನೆಯ ಬಟ್ಟೆಗೆ 5,850. ಅತ್ತೆಯವರ ಸೀರೆ 1,200, ಮಕ್ಕಳಿಬ್ಬರಿಗೆ 2,600, ನಿನ್ನ ಅಣ್ಣನವರಿಗೂ ನಿನಗೂ ಅಂಗಿ ತಲಾ 900. ನಿನ್ನದನ್ನು ಅಲ್ಲೇ ಕೊಂಡುಕೋ. ನನಗೆ ಮದುವೆಯಲ್ಲಿ ಬಂದ ಸೀರೆಯೊಂದು ಮಡಿಕೆ ಬಿಚ್ಚದೆ ಇದೆ, 250 ರೂಪಾಯಿಯ ಖಣ ತಂದು ಕುಪ್ಪಸ ನಾನೇ ಹೊಲಿದುಕೊಳ್ಳುತ್ತೇನೆ. ಇದನ್ನು ತ್ಯಾಗ ಎಂದುಕೊಳ್ಳಬೇಡ, ಆ ಸೀರೆ ನನಗೆ ಬಹಳ ಇಷ್ಟ.

ತಿಂಡಿ ಮನೆಯಲ್ಲೇ. ಶೇಂಗಾ ನಾಲ್ಕು ಕಿಲೋ 560, ಬೆಲ್ಲ ಮೂರು ಕಿಲೋ 180, ಎಣ್ಣೆ ಐದು ಲೀಟರ್ 750, ಮೈದಾ, ರವೆ, ಕಡಲೆಹಿಟ್ಟು, ಸಕ್ಕರೆ 500, ಒಣಕೊಬ್ಬರಿ 300, ಚೂಡಾಕ್ಕೆ ಅವಲಕ್ಕಿ 160, ಅರ್ಧ ಕಿಲೋ ತುಪ್ಪ 350, ಏಲಕ್ಕಿ, ಗಸಗಸೆ, ಎಳ್ಳು 300. ಒಟ್ಟು 3,100. ಇದರಲ್ಲಿ ಶೇಂಗಾ ಹೋಳಿಗೆ, ಕರ್ಚಿಕಾಯಿ, ಶಂಕರಪಾಳಿ, ಬೇಸನ್ ಉಂಡೆ, ಚಕ್ಕುಲಿ, ಚೂಡಾ ಆಗುತ್ತವೆ. ಶೇಂಗಾ ಹೋಳಿಗೆ ವಾರವಾದರೂ ಕೆಡುವುದಿಲ್ಲ, ಬೀಗರ ಬುತ್ತಿಗೂ ಅದೇ. ಹೋದ ವರ್ಷ ತಿಂಡಿ ಬೇಗ ಮುಗಿದದ್ದು ಕಡಿಮೆ ಮಾಡಿದ್ದಕ್ಕಲ್ಲ, ಕರಿಯುತ್ತಿದ್ದ ಹಾಗೆಯೇ ತಿಂದದ್ದಕ್ಕೆ. ಈ ಸಲ ಬೀಗರ ಪಾಲನ್ನು ಮೊದಲೇ ಬೇರೆ ಡಬ್ಬಿಗೆ ತುಂಬಿ ಮೇಲೆ ಇಡುತ್ತೇನೆ. ಹೊರಗಿನದು ಎರಡೇ: ಕರದಂಟು 1,200, ನೀನು ತರುವ ಒಂದು ಕಿಲೋ ಕುಂದಾ 600. ಹೀಗೆ ಸಿಹಿ, ಖಾರ ಎಲ್ಲ 4,900.

ಅಲಂಕಾರಕ್ಕೆ 2,180 ಸಾಕು. ಪಣತಿ ಐವತ್ತು 200, ದೀಪದ ಎಣ್ಣೆ 300, ಚೆಂಡುಹೂ ಮತ್ತು ಸೇವಂತಿಗೆ 900, ಬಾಳೆಕಂಬ ಮತ್ತು ಹಣ್ಣಿಗೆ 700. ಆಕಾಶಬುಟ್ಟಿಯ ಬಿದಿರು ಅಟ್ಟದ ಮೇಲೆ ಗಟ್ಟಿಯಾಗಿಯೇ ಇದೆ, ಬಣ್ಣದ ಕಾಗದ 80 ರೂಪಾಯಿಗೆ ತಂದು ಮಕ್ಕಳೇ ಅಂಟಿಸುತ್ತಾರೆ. ದೀಪದ ಸರ ಹೋದ ವರ್ಷದ್ದೇ ಉರಿಯುತ್ತಿದೆ. ಪಾಡ್ಯದ ದಿನ ಹಟ್ಟೆವ್ವನನ್ನು ಇಡಲು ಸಗಣಿ ಎದುರು ಮನೆಯವರು ಕೊಡುತ್ತಾರೆ. ಉತ್ತರಾಣಿ ಕಡ್ಡಿಯನ್ನು ಮಕ್ಕಳು ಹೊಲದ ಬದುವಿನಿಂದ ಕಿತ್ತು ತರಲಿ.

ಪಟಾಕಿ 800, ಒಂದೇ ಪೆಟ್ಟಿಗೆ. ಬೀಗರು ಇರುವ ಮೂರು ದಿನದ ಹಾಲು, ತರಕಾರಿ, ಗ್ಯಾಸ್ 2,500. ಮನೆಗೆಲಸದ ಅಕ್ಕನಿಗೆ 1,000 ಮತ್ತು ತಿಂಡಿ, ಇದನ್ನು ಯಾವ ಕಾರಣಕ್ಕೂ ಕಡಿಮೆ ಮಾಡಬಾರದು.

ಎಲ್ಲ ಕೂಡಿಸಿದರೆ 27,630. ಉಳಿಯುವ 2,370 ಅತ್ತೆಯವರ ಸಂದೂಕಿನಲ್ಲಿ ಇರುತ್ತದೆ. ಯಾವುದಾದರೂ ತುಟ್ಟಿಯಾದರೆ ಅದರಿಂದ ತೆಗೆಯುವುದು, ಅದೂ ಮುಗಿದರೆ ಪಟಾಕಿ ಬಿಡುವುದು. ಆಮೇಲೂ ಸಾಲದಿದ್ದರೆ ನಿನ್ನ ಅಣ್ಣನವರ ಅಂಗಿ ಸಂಕ್ರಾಂತಿಗೆ. ಇದಕ್ಕೆ ಅವರು ತಾವಾಗಿಯೇ ಒಪ್ಪಿದ್ದಾರೆ.

ಇನ್ನು ಉಂಗುರ. ಅದು ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ. ಮುಂದಿನ ತಿಂಗಳಿಂದ ನೀನು ಸಾವಿರ, ನಾವು ಸಾವಿರ ಬೇರೆ ಖಾತೆಗೆ ಹಾಕೋಣ. ತಂಗಿಯ ಕುಬಸದ ಹೊತ್ತಿಗೆ ಸಾಲವಿಲ್ಲದೆ ಒಂದು ಒಳ್ಳೆಯ ವಸ್ತು ಮಾಡಿಸಬಹುದು. ಅಳಿಯಂದಿರಿಗೆ ಈಗ ಏನು ಹೇಳುವುದು ಎಂದು ಸಂಕೋಚಪಡಬೇಡ. ನಿನ್ನೆ ತಂಗಿಯೇ ಫೋನಿನಲ್ಲಿ, "ವೈನಿ, ಅವ್ವನ ಕಣ್ಣಿನ ದುಡ್ಡಿಗೆ ಮಾತ್ರ ಕೈ ಹಾಕಬೇಡಿರಿ" ಎಂದಳು.

ಭಾನುವಾರದೊಳಗೆ ನಿನ್ನ ಪಾಲಿನ 10,000ದಲ್ಲಿ ನಿನ್ನ ಅಂಗಿಯ 900, ಕುಂದಾದ 600 ಮುರಿದುಕೊಂಡು 8,500 ಕಳಿಸು. ಸೋಮವಾರ ನಾವು ಇಳಕಲ್ಲಿಗೆ ಹೊರಡುತ್ತೇವೆ. ಕುಂದಾವನ್ನು ಮಾತ್ರ ಬಸ್ ಹತ್ತುವ ದಿನವೇ ಕೊಂಡುಕೊಂಡು ಬಾ.

ನಿನ್ನ
ವೈನಿ